ಸೂಚನೆಯಿಲ್ಲದೆ ಬಂದ ಉದ್ದನೆಯ ಪಠ್ಯ: ಡಿಟಿಪಿ ಮತ್ತು ಅನುವಾದ ಮಾಡುವವರು ಮೊದಲ ಉತ್ತರ ಬರೆಯುವ ಬಗೆ

ಡಿಟಿಪಿ ಅಂಗಡಿ, ಅನುವಾದದ ಕೆಲಸ, ಕರಡು ತಿದ್ದುವ ಕೆಲಸ ಮಾಡುವವರಿಗೆಲ್ಲ ಈ ಸಂದರ್ಭ ಗೊತ್ತು. ವಾಟ್ಸಾಪಿನಲ್ಲಿ ಒಂದು ಸಂದೇಶ ಬರುತ್ತದೆ. Read more ಒತ್ತಿದಷ್ಟೂ ಬಿಚ್ಚಿಕೊಳ್ಳುತ್ತದೆ, ಹತ್ತು ಹದಿನೈದು ಪರದೆ ಉದ್ದ. ಮೇಲೊಂದು ನಮಸ್ಕಾರವಿಲ್ಲ, ಕೆಳಗೊಂದು ಬೇಡಿಕೆಯಿಲ್ಲ. ಟೈಪ್ ಮಾಡಬೇಕೋ, ತಿದ್ದಬೇಕೋ, ಇಂಗ್ಲಿಷಿಗೆ ತಿರುಗಿಸಬೇಕೋ, ಸುಮ್ಮನೆ ಓದಿ ಅರ್ಥ ಹೇಳಬೇಕೋ, ಕಳಿಸಿದವರು ಒಂದು ಮಾತೂ ಹೇಳಿಲ್ಲ.

ಇಲ್ಲಿ ಸಾಮಾನ್ಯವಾಗಿ ಎರಡು ತಪ್ಪು ಆಗುತ್ತವೆ. ಒಂದು, ಬೇಕಾಗಿರುವುದು ಇದೇ ಇರಬೇಕು ಎಂದುಕೊಂಡು ಕೆಲಸಕ್ಕೆ ಕೂತುಬಿಡುವುದು. ಒಂದು ದಿನ ಕೂತು ಅನುವಾದ ಮುಗಿಸಿದ ಮೇಲೆ, ಅವರಿಗೆ ಬೇಕಿದ್ದದ್ದು ಕನ್ನಡದಲ್ಲೇ ಒಂದು ಪುಟದ ಸಾರಾಂಶ ಎಂದು ಗೊತ್ತಾಗುತ್ತದೆ. ಇನ್ನೊಂದು, 'ಏನು ಮಾಡಬೇಕು?' ಎಂದು ಎರಡು ಪದ ಬರೆದು ಕೈ ತೊಳೆದುಕೊಳ್ಳುವುದು. ಪಠ್ಯ ಕಳಿಸಿದವರಿಗೆ ಎಷ್ಟೋ ಸಲ ತಮಗೆ ಬೇಕಾದ ಕೆಲಸದ ಹೆಸರು ಗೊತ್ತಿರುವುದಿಲ್ಲ, ಹಾಗಾಗಿಯೇ ಅವರು ಏನೂ ಬರೆದಿರುವುದಿಲ್ಲ. ಬರೀ ಪ್ರಶ್ನೆ ಕೇಳಿದರೆ 'ನೋಡಿ ಹೇಳಿ' ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಇವೆರಡರ ನಡುವಿನ ದಾರಿಗೆ ಹತ್ತು ನಿಮಿಷ ಸಾಕು. ಪಠ್ಯವನ್ನು ಪರೀಕ್ಷಿಸಿ, ಬೇಕಾಗಿರಬಹುದಾದ ಎರಡು ಮೂರು ಕೆಲಸಗಳನ್ನು ನಾವೇ ಹೆಸರಿಸಿ, ಒಂದನ್ನು ಆರಿಸಿಕೊಳ್ಳಲು ಹೇಳುವುದು. ಆ ಹತ್ತು ನಿಮಿಷದಲ್ಲಿ ಏನೇನು ನೋಡಬೇಕು ಎಂಬುದನ್ನು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬಂದಿರುವುದು ಜಮೀನಿನ ಕ್ರಯಪತ್ರದ ಪಠ್ಯ, ಸುಮಾರು 1,700 ಪದ. ಕಳಿಸಿದವರ ನಂಬರು +971 ಎಂದು ಶುರುವಾಗುತ್ತದೆ, ಅಂದರೆ ಯುಎಇಯಿಂದ. ಪರದೆಯ ಮೇಲೆ ಕಾಣುವುದು ಕನ್ನಡವಲ್ಲ, ಹೀಗಿರುವ ಸಾಲುಗಳು:

```
PÀ£ÁðlPÀ ¸ÀPÁðgÀ
¸ÀªÉð £ÀA. 45/2C
```

ಮೊದಲು ಪಠ್ಯದ ಎರಡು ತುದಿ ನೋಡಿ

ಒಳಗಿನ ವಿಷಯಕ್ಕೆ ಹೋಗುವ ಮೊದಲು ಪಠ್ಯ ಪೂರ್ತಿ ಬಂದಿದೆಯೇ ಎಂದು ನೋಡಬೇಕು. ಮೊದಲ ಐದು ಸಾಲು, ಕೊನೆಯ ಐದು ಸಾಲು ಓದಿದರೆ ಸಾಕು. ಕ್ರಯಪತ್ರವಾದರೆ ಮೇಲೆ ತಾರೀಖು ಮತ್ತು ಬರೆದುಕೊಟ್ಟವರ ಹೆಸರು, ಕೆಳಗೆ ಜಮೀನಿನ ವಿವರವಿರುವ ಷೆಡ್ಯೂಲು, ಚಕ್ಕುಬಂದಿ, ಸಾಕ್ಷಿಗಳ ಜಾಗ ಇರಬೇಕು. ಷೆಡ್ಯೂಲಿನ ನಡುವೆಯೇ ಪಠ್ಯ ನಿಂತಿದ್ದರೆ ನಕಲು ಮಾಡುವಾಗ ಬಾಲ ತುಂಡಾಗಿದೆ ಎಂದೇ ಅರ್ಥ. ವಾಟ್ಸಾಪಿನ ಒಂದು ಸಂದೇಶ ಸುಮಾರು 65,000 ಅಕ್ಷರ ಹಿಡಿಯುತ್ತದೆ, ಹಾಗಾಗಿ ಇಷ್ಟು ಚಿಕ್ಕ ಪತ್ರವನ್ನು ಅದು ಕತ್ತರಿಸುವುದಿಲ್ಲ. ತುಂಡಾಗುವುದು ಹೆಚ್ಚಾಗಿ ಫೋನಿನಲ್ಲಿ ಬೆರಳಿಟ್ಟು ಎಳೆದು ಆಯ್ಕೆ ಮಾಡುವಾಗ. ಜಿಮೇಲಿನ ವಿಷಯ ಬೇರೆ. ಸಂದೇಶ 102 ಕೆಬಿ ದಾಟಿದರೆ ಅದು ಉಳಿದದ್ದನ್ನು ಅಡಗಿಸಿ ಕೊನೆಯಲ್ಲಿ Message clipped ಎಂದು ತೋರಿಸುತ್ತದೆ. ಯುನಿಕೋಡ್ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಕಾಗುಣಿತದ ಗುರುತಿಗೂ ಮೂರು ಮೂರು ಬೈಟು ಬೇಕು. ಆದ್ದರಿಂದ ಕನ್ನಡದ ಪತ್ರ ಈ ಮಿತಿಯನ್ನು ಇಂಗ್ಲಿಷಿನದಕ್ಕಿಂತ ಬೇಗ ಮುಟ್ಟುತ್ತದೆ.

ಇದೇ ಹೊತ್ತಿಗೆ ಅದೇ ಚಾಟಿನಲ್ಲಿ ಸ್ವಲ್ಪ ಮೇಲೆ ಹೋಗಿ ನೋಡಿ. ಸೂಚನೆ ಎರಡು ದಿನದ ಹಿಂದೆಯೇ ವಾಯ್ಸ್ ಮೆಸೇಜಿನಲ್ಲಿ ಬಂದಿರಬಹುದು. ಸಂದೇಶದ ಮೇಲೆ Forwarded ಎಂಬ ಗುರುತಿದ್ದರೆ ಅದನ್ನೂ ಗಮನಿಸಿ. ಕಳಿಸಿದವರು ಆ ಪಠ್ಯವನ್ನು ತಾವೇ ಓದಿಲ್ಲದಿರಬಹುದು, ಬೇರೆ ಯಾರೋ ಅವರಿಗೆ ಕಳಿಸಿದ್ದನ್ನು ನಿಮಗೆ ದಾಟಿಸಿರಬಹುದು. ಹಾಗಿದ್ದಾಗ ಕೆಲಸದ ಪಟ್ಟಿಯಲ್ಲಿ 'ಇದರಲ್ಲಿ ಏನಿದೆ ಎಂದು ತಿಳಿಸುವುದು' ಎಂಬುದು ಮೇಲಕ್ಕೆ ಬರುತ್ತದೆ.

ಬಂದದ್ದು ನೋಟಿಸಾಗಿದ್ದು, ಅದರ ಒಳಗೆ 'ಏಳು ದಿನದೊಳಗೆ ಲಿಖಿತ ಉತ್ತರ ಸಲ್ಲಿಸತಕ್ಕದ್ದು' ಎಂಬಂಥ ಸಾಲಿದ್ದರೆ ಅದನ್ನು ನಿಮಗೆ ಕೊಟ್ಟ ಸೂಚನೆ ಎಂದುಕೊಳ್ಳಬೇಡಿ. ಅದು ನೋಟಿಸು ಪಡೆದವರಿಗೆ ಹೇಳಿದ್ದು. ಆದರೆ ಗಡುವು ಇದೆ ಎಂಬುದನ್ನು ಉತ್ತರದಲ್ಲಿ ಒಂದು ಸಾಲಿನಲ್ಲಿ ತಿಳಿಸಲೇಬೇಕು. ಅವರು ಅದನ್ನು ನೋಡಿರದೇ ಇರಬಹುದು.

ಅಕ್ಷರ ಯಾವ ಸ್ಥಿತಿಯಲ್ಲಿದೆ

ನಮ್ಮ ಉದಾಹರಣೆಯ ಪಠ್ಯ ಗೋಜಲಾಗಿ ಕಾಣುವುದಕ್ಕೆ ಕಾರಣ ಹಳೆಯ ಫಾಂಟು. ನುಡಿ ಮತ್ತು ಬರಹದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿವೆ. P ಮತ್ತು À ಸೇರಿದರೆ ಕ. ಆ ಫಾಂಟು ಹಾಕಿರುವ ಕಂಪ್ಯೂಟರಿನಲ್ಲಿ 'ಕರ್ನಾಟಕ ಸರ್ಕಾರ' ಎಂದು ಕಾಣುವುದು, ಫಾಂಟು ಬಿಟ್ಟು ಬರೀ ಅಕ್ಷರ ನಕಲಾಗಿ ಫೋನಿಗೆ ಬಂದಾಗ ಮೇಲಿನಂತೆ ಕಾಣುತ್ತದೆ. ಸಾಲು ಸಾಲಿಗೂ À, Á, ð, ¸ ಇಂಥ ಗುರುತುಗಳು ಕಂಡರೆ ಇದೇ ಎಂದು ಖಚಿತವಾಗಿ ಹೇಳಬಹುದು.

ಇದನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲೂ ಇದೆ. ಕ್ರಯಪತ್ರದಲ್ಲಿ ಹೆಸರು, ವಿಳಾಸ, ಆಧಾರ್, ಬ್ಯಾಂಕ್ ವಿವರ ಎಲ್ಲ ಇರುವುದರಿಂದ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುವ ಪರಿವರ್ತಕ ಬಳಸುವುದು ಒಳ್ಳೆಯದು. ಬೇರೆಯವರ ದಾಖಲೆಯನ್ನು ಅವರನ್ನು ಕೇಳದೆ ಯಾವುದೋ ವೆಬ್‌ಸೈಟಿಗೆ ಅಂಟಿಸುವುದು ಸರಿಯಲ್ಲ. ಮೊದಲ ಉತ್ತರ ಬರೆಯುವುದಕ್ಕೆ ಪೂರ್ತಿ ಪತ್ರ ತಿರುಗಿಸಬೇಕಿಲ್ಲ, ತಲೆಯ ಒಂದು ಪ್ಯಾರಾ ಮತ್ತು ಷೆಡ್ಯೂಲು ಸಾಕು.

ತಿರುಗಿಸಿದ ಮೇಲೆ ಎರಡು ಜಾಗ ನೋಡಿ. ಒಂದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದರ ಗುರುತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ 'ರ್' ಮುಂಚೆ ಬರಬೇಕು. ಈ ಅದಲುಬದಲು ಸರಿಯಾಗಿ ಆಗದಿದ್ದರೆ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತದೆ, 'ಸರ್ಕಾರ' ಹೋಗಿ 'ಸಕಾರ್ರ' ಆಗುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು, ಹುಡುಕಿ ತಿದ್ದಬಹುದು.

ಎರಡನೆಯದು ಕಣ್ಣಿಗೆ ಬೀಳದ ತಪ್ಪು, ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾಗಿರುವುದು ಇಲ್ಲೇ. ಮೇಲಿನ ಎರಡನೆಯ ಸಾಲು ಮತ್ತೆ ನೋಡಿ. ಅದು 'ಸರ್ವೆ ನಂ. 45/2' ಎಂದು ಶುರುವಾಗುತ್ತದೆ. ಕೊನೆಯ ಅಕ್ಷರ ಯಾವುದು? ಹಳೆಯ ಫಾಂಟಿನಲ್ಲಿ C ಎಂದರೆ ಅ. ಹಾಗಾದರೆ ಅದು 45/2ಅ. ಆದರೆ ಟೈಪ್ ಮಾಡಿದವರು ಆ ಒಂದು ಅಕ್ಷರವನ್ನು ಮಾತ್ರ ಇಂಗ್ಲಿಷ್ ಫಾಂಟಿನಲ್ಲಿ ಹಾಕಿದ್ದರೆ ಅದು ನಿಜವಾಗಿಯೂ 45/2C. ನಕಲು ಮಾಡುವಾಗ ಯಾವ ಅಕ್ಷರಕ್ಕೆ ಯಾವ ಫಾಂಟು ಇತ್ತೆಂಬ ಮಾಹಿತಿಯೇ ಅಳಿಸಿಹೋಗಿರುವುದರಿಂದ ಪಠ್ಯವನ್ನು ಎಷ್ಟು ಸಲ ನೋಡಿದರೂ ಉತ್ತರ ಸಿಗುವುದಿಲ್ಲ. ಪರಿವರ್ತಕ ಹಿಂದೆಮುಂದೆ ನೋಡದೆ ಅ ಎಂದು ಹಾಕುತ್ತದೆ. ಒಂದು ಸರ್ವೆ ನಂಬರಿನಲ್ಲಿ ಹಿಸ್ಸೆ ಬದಲಾದರೆ ಜಮೀನೇ ಬದಲಾದಂತೆ. ಹಾಗೆಯೇ ಮೂಲದಲ್ಲಿ ಇಂಗ್ಲಿಷಿನ 45/2A ಇದ್ದರೆ ಪರಿವರ್ತಕದಿಂದ 45/2ಂ ಎಂದು ಹೊರಬರುತ್ತದೆ, ಏಕೆಂದರೆ ಹಳೆಯ ಫಾಂಟಿನಲ್ಲಿ A ಇರುವುದು ಸೊನ್ನೆಗೆ. ಇದಾದರೂ ಅರ್ಥವಿಲ್ಲದ್ದಾಗಿ ಕಾಣುವುದರಿಂದ ಸಿಕ್ಕಿಬೀಳುತ್ತದೆ. ಪ್ಯಾನ್ ನಂಬರು, ಐಎಫ್‌ಎಸ್‌ಸಿ ಕೋಡು, ಇಮೇಲ್ ವಿಳಾಸ ಎಲ್ಲಕ್ಕೂ ಇದೇ ಗತಿ.

ಆದ್ದರಿಂದ ಕೇಳಬೇಕಾದ ಮೊದಲ ವಸ್ತು ಸಿಕ್ಕಿತು: ಮೂಲ ಪತ್ರದ ಫೋಟೋ ಅಥವಾ ಸ್ಕ್ಯಾನು, ಕಡೇಪಕ್ಷ ಷೆಡ್ಯೂಲಿನ ಪುಟ.

ಈ ಪಠ್ಯ ಎಲ್ಲಿಂದ ಬಂದಿರಬಹುದು

ಬೇಕಾದ ಕೆಲಸವನ್ನು ಊಹಿಸಲು ಪಠ್ಯದ ವಿಷಯಕ್ಕಿಂತ ಅದು ಬಂದ ದಾರಿ ಹೆಚ್ಚು ಸಹಾಯ ಮಾಡುತ್ತದೆ. ನೋಂದಣಿಯಾದ ಕ್ರಯಪತ್ರದ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಸಿಗುವುದು ಸೀಲು, ಸಹಿ, ಬೆರಳಚ್ಚು ಇರುವ ಚಿತ್ರವಾಗಿ. ಅದರಿಂದ ಅಕ್ಷರ ಹೀಗೆ ನಕಲಾಗುವುದಿಲ್ಲ. ನಿಮಗೆ ಬಂದಿರುವುದು ಅಕ್ಷರ ಎಂದಮೇಲೆ ಅದು ಪತ್ರ ಟೈಪ್ ಮಾಡಿದವರ ಕಂಪ್ಯೂಟರಿನ ವರ್ಡ್ ಫೈಲಿನಿಂದ ಬಂದಿರಬೇಕು. ಅಂದರೆ ಅದು ನೋಂದಣಿಗೆ ಮುಂಚಿನ ಕರಡು ಇರಬಹುದು, ನೋಂದಣಿಯ ದಿನ ಪೆನ್ನಿನಲ್ಲಿ ಮಾಡಿದ ತಿದ್ದುಪಡಿ ಅದರಲ್ಲಿ ಇಲ್ಲದಿರಬಹುದು.

ಈಗ ಖಾಲಿ ಜಾಗಗಳನ್ನು ಹುಡುಕಿ. ಹೆಸರಿನ ಕಡೆ ಚುಕ್ಕೆ ಸಾಲು, ಮೊತ್ತದ ಕಡೆ ಬರೀ 'ರೂ.' ಎಂದಿದ್ದರೆ ಅದು ಇನ್ನೂ ಆಗಬೇಕಾದ ವ್ಯವಹಾರದ ಮಾದರಿ. ಆಗ ಬೇಕಿರುವುದು ಬಹುಶಃ ತಿದ್ದಿ ಅಚ್ಚುಕಟ್ಟಾಗಿ ಟೈಪ್ ಮಾಡಿಕೊಡುವುದು. ಎಲ್ಲ ಹೆಸರು, ಮೊತ್ತ, ಚೆಕ್ ನಂಬರು ತುಂಬಿದ್ದರೆ ವ್ಯವಹಾರ ಆಗಿದೆ ಅಥವಾ ಇವತ್ತೋ ನಾಳೆಯೋ ಆಗಲಿದೆ. ನಮ್ಮ ಉದಾಹರಣೆಯಲ್ಲಿ ಎಲ್ಲವೂ ತುಂಬಿದೆ, ತಾರೀಖಿನಲ್ಲಿ ದಿನ ಮಾತ್ರ ಖಾಲಿ. ಕಳಿಸಿದವರು ದುಬೈ ಕಡೆ ಇದ್ದಾರೆ, ಅವರ ಫೋನಿನಲ್ಲಿ ಇದು ಓದಲು ಬರುತ್ತಿಲ್ಲ. ಈ ಮೂರನ್ನೂ ಸೇರಿಸಿ ನೋಡಿದರೆ, ಊರಿನಲ್ಲಿ ಆಗುತ್ತಿರುವ ಕ್ರಯದ ಕರಡನ್ನು ಯಾರೋ ಅವರಿಗೆ ಕಳಿಸಿದ್ದಾರೆ, ಅದರಲ್ಲಿ ಏನಿದೆ ಎಂದು ಅವರಿಗೆ ತಿಳಿಯಬೇಕಾಗಿದೆ ಎಂಬುದು ಎಲ್ಲಕ್ಕಿಂತ ಹೆಚ್ಚು ಸಂಭವ.

ಇದು ಊಹೆ. ಊಹೆಯನ್ನು ಕೆಲಸದ ಪಟ್ಟಿಯ ಕ್ರಮ ನಿರ್ಧರಿಸಲು ಬಳಸಿ, ಕೆಲಸ ಶುರು ಮಾಡಲು ಬಳಸಬೇಡಿ. 'ನೀವು ಜಮೀನು ಮಾರುತ್ತಿದ್ದೀರಾ?' ಎಂದು ಅವರ ಮನೆಯ ವ್ಯವಹಾರ ಕೆದಕುವುದೂ ಬೇಡ.

ಎರಡು ಅಥವಾ ಮೂರು ಕೆಲಸ ಆರಿಸುವುದು

ಆರೇಳು ಆಯ್ಕೆ ಕೊಟ್ಟರೆ ಓದುವವರು ಮತ್ತೆ ಗೊಂದಲಕ್ಕೆ ಬೀಳುತ್ತಾರೆ, ಒಂದೇ ಕೊಟ್ಟರೆ ಬೇರೆ ಬೇಕಿದ್ದವರೂ ದಾಕ್ಷಿಣ್ಯಕ್ಕೆ ಹೂಂ ಎನ್ನುತ್ತಾರೆ. ಮೂರಕ್ಕೆ ನಿಲ್ಲಿಸಿ. ಆ ಮೂರೂ ಒಂದಕ್ಕೊಂದು ನಿಜವಾಗಿ ಬೇರೆಯಾಗಿರಬೇಕು. 'ಯುನಿಕೋಡ್ ಪ್ರತಿ' ಮತ್ತು 'ಪಿಡಿಎಫ್ ಪ್ರತಿ' ಎರಡು ಕೆಲಸವಲ್ಲ, ಒಂದೇ ಕೆಲಸದ ಎರಡು ರೂಪ.

ಕೆಲಸಕ್ಕೆ ನಮ್ಮ ಅಂಗಡಿಯಲ್ಲಿ ಬಳಸುವ ಹೆಸರು ಕೊಡದೆ, ಅವರ ಕೈಗೆ ಏನು ಸಿಗುತ್ತದೆ ಎಂದು ಹೇಳಬೇಕು. 'ಆಸ್ಕಿ ಟು ಯುನಿಕೋಡ್ ಕನ್ವರ್ಷನ್' ಎಂದರೆ ಅವರಿಗೆ ಅರ್ಥವಾಗುವುದಿಲ್ಲ. 'ಫೋನಿನಲ್ಲೇ ಓದಲು ಬರುವ ಕನ್ನಡ ಪ್ರತಿ' ಎಂದರೆ ತಕ್ಷಣ ತಿಳಿಯುತ್ತದೆ. ಪ್ರತಿಯೊಂದರ ಮುಂದೆ ಬೇಕಾಗುವ ಸಮಯ ಮತ್ತು ನಿಮ್ಮ ದರ ಇರಲಿ. ಕ್ರಯಪತ್ರದಂಥ ಪಠ್ಯವನ್ನು ಎಚ್ಚರದಿಂದ ಅನುವಾದಿಸಿ ಅಂಕಿಗಳನ್ನು ಎರಡನೇ ಸಲ ತಾಳೆ ನೋಡುವುದಾದರೆ ದಿನಕ್ಕೆ 1,500ರಿಂದ 2,000 ಪದ ಎಂದು ಹಿಡಿಯುವುದು ಕ್ಷೇಮ. ದರವನ್ನು ಮೂಲದ ಪದಗಳ ಮೇಲೆ ಹೇಳಿ, ಅನುವಾದದ ಪದಗಳ ಮೇಲೆ ಬೇಡ. 'ಮನೆಯಲ್ಲಿದ್ದವರಿಗೂ' ಎಂಬುದು ಕನ್ನಡದಲ್ಲಿ ಒಂದು ಪದ, ಇಂಗ್ಲಿಷಿಗೆ ಹೋದರೆ ಆರೇಳು. ಮೊದಲೇ ಹೇಳದಿದ್ದರೆ ಬಿಲ್ಲು ಕೊಡುವ ಹೊತ್ತಿಗೆ ಮನಸ್ತಾಪವಾಗುತ್ತದೆ. ಪಠ್ಯ ಗೋಜಲಾಗಿದ್ದರೂ ಪದಗಳ ಲೆಕ್ಕ ಸರಿಯಾಗಿಯೇ ಬರುತ್ತದೆ, ಏಕೆಂದರೆ ಪದಗಳ ನಡುವಿನ ಖಾಲಿ ಜಾಗ ಹಾಗೇ ಉಳಿದಿರುತ್ತದೆ. ಅಕ್ಷರಗಳ ಲೆಕ್ಕವನ್ನು ಮಾತ್ರ ನಂಬಬೇಡಿ, ಅಲ್ಲಿ 'ಕ' ಒಂದಕ್ಕೇ ಎರಡು ಅಕ್ಷರ.

ನಿಮ್ಮಿಂದಾಗದ ಕೆಲಸವನ್ನು ಪಟ್ಟಿಗೆ ಸೇರಿಸಬೇಡಿ. ಪತ್ರದಲ್ಲಿರುವ ಷರತ್ತು ಸರಿಯೇ, ಸಹಿ ಹಾಕಬಹುದೇ ಎಂಬುದು ವಕೀಲರು ಹೇಳಬೇಕಾದ ಮಾತು. ಸಾರಾಂಶ ಕೊಡುವಾಗಲೂ 'ಪತ್ರದಲ್ಲಿ ಹೀಗಿದೆ' ಎಂಬಲ್ಲಿಗೆ ನಿಲ್ಲಬೇಕು.

ಉತ್ತರ ಬರೆಯುವುದು

ಇಷ್ಟಾದ ಮೇಲೆ ಬರೆಯುವ ಸಂದೇಶ ಒಂದು ಪರದೆ ಮೀರಬಾರದು. ನಮ್ಮ ಉದಾಹರಣೆಗೆ ಹೀಗಿರಬಹುದು, ಪ್ರತಿ ಆಯ್ಕೆಯ ಮುಂದೆ ನಿಮ್ಮ ದರ ಸೇರಿಸಿಕೊಳ್ಳಿ:

> ನಮಸ್ಕಾರ ಸರ್. ನೀವು ಕಳಿಸಿದ್ದು ತಲುಪಿತು. ಇದು ಕ್ರಯಪತ್ರ, ಸುಮಾರು 1,700 ಪದ ಇದೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿರುವುದರಿಂದ ಫೋನಿನಲ್ಲಿ ಸರಿಯಾಗಿ ಕಾಣುತ್ತಿಲ್ಲ. ಕೊನೆಯವರೆಗೂ ಬಂದಿದೆ, ತುಂಡಾಗಿಲ್ಲ.
>
> ಏನು ಮಾಡಬೇಕೆಂದು ತಿಳಿಸಿಲ್ಲ. ಇವುಗಳಲ್ಲಿ ಯಾವುದು ಬೇಕು?
>
> 1. ಫೋನಿನಲ್ಲಿ ಓದಲು ಬರುವ ಕನ್ನಡ ಪ್ರತಿ, ಒಂದಕ್ಷರ ಬದಲಿಸದೆ. ಇವತ್ತು ಸಂಜೆಗೆ.
> 2. ಒಂದು ಪುಟದ ಸಾರಾಂಶ: ಯಾರು ಯಾರಿಗೆ, ಎಷ್ಟಕ್ಕೆ, ಯಾವ ಜಮೀನು, ಏನು ಷರತ್ತು. ನಾಳೆ ಬೆಳಿಗ್ಗೆಗೆ.
> 3. ಪೂರ್ತಿ ಇಂಗ್ಲಿಷ್ ಅನುವಾದ. ಎರಡು ದಿನ. ಇದು ನಿಮ್ಮ ಓದಿಗೋ, ಯಾವುದಾದರೂ ಕಚೇರಿಗೆ ಕೊಡಲಿಕ್ಕೋ ತಿಳಿಸಿ.
>
> ಬರೀ ನಂಬರು ಬರೆದರೆ ಸಾಕು. ಇವು ಯಾವುದೂ ಅಲ್ಲದಿದ್ದರೆ ವಾಯ್ಸ್ ಮೆಸೇಜ್ ಹಾಕಿ. ಯಾವುದೇ ಆದರೂ ಷೆಡ್ಯೂಲ್ ಇರುವ ಪುಟದ ಫೋಟೋ ಬೇಕು, ಸರ್ವೆ ನಂಬರಿನ ಕೊನೆಯ ಅಕ್ಷರ ಈ ಪಠ್ಯದಲ್ಲಿ ಖಚಿತವಾಗುತ್ತಿಲ್ಲ.

ಮೊದಲ ಪ್ಯಾರಾದಲ್ಲಿ ಪಠ್ಯ ಏನೆಂದು ಹೇಳಿರುವುದಕ್ಕೆ ಕಾರಣವಿದೆ. ತಪ್ಪು ಫೈಲು ಕಳಿಸಿದ್ದರೆ ಅವರಿಗೆ ಅಲ್ಲೇ ಗೊತ್ತಾಗುತ್ತದೆ. ಮೂರನೆಯ ಆಯ್ಕೆಯ ಜೊತೆಗಿರುವ ಪ್ರಶ್ನೆ ಕೆಲಸದ ಸ್ವರೂಪವನ್ನೇ ಬದಲಿಸುವಂಥದ್ದು, ಅದಕ್ಕಾಗಿಯೇ ಅದನ್ನು ಈಗಲೇ ಕೇಳಿರುವುದು. ಕಚೇರಿಗೆ ಕೊಡುವ ಅನುವಾದವಾದರೆ ನೋಂದಣಿಯಾದ ಪ್ರತಿಯಿಂದಲೇ ಮಾಡಬೇಕು, ಸೀಲು ಮತ್ತು ಷರಾಗಳಲ್ಲಿರುವ ಬರಹವನ್ನೂ ಸೇರಿಸಬೇಕು, ಅನುವಾದಕರ ಸಹಿ ಅಥವಾ ನೋಟರಿ ಬೇಕೇ ಎಂದು ಆ ಕಚೇರಿಯನ್ನೇ ಅವರು ವಿಚಾರಿಸಬೇಕು. ವರ್ಡ್ ಫೈಲಿನ ಕರಡಿನಿಂದ ಮಾಡಿದ ಅನುವಾದ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಉಳಿದ ಪ್ರಶ್ನೆಗಳು, ಎಂದರೆ ಫಾಂಟಿನ ಗಾತ್ರ, ಪುಟದ ಅಳತೆ ಇಂಥವು, ಅವರು ನಂಬರು ಬರೆದ ಮೇಲೆ ಕೇಳಿದರಾಯಿತು.

ಇದೇ ಸಂದೇಶವನ್ನು ಎಲ್ಲರಿಗೂ ಅಂಟಿಸಲು ಆಗುವುದಿಲ್ಲ. ಬಂದದ್ದು ಮದುವೆ ಕರೆಯೋಲೆಯ ಒಕ್ಕಣೆಯಾದರೆ ವಿನ್ಯಾಸ ಮತ್ತು ಅಚ್ಚು ಮೊದಲು ಬರುತ್ತವೆ. ವಿದ್ಯಾರ್ಥಿಯ ಪ್ರಬಂಧವಾದರೆ ಕಾಗುಣಿತ ತಿದ್ದುವುದು, ಪುಟ ಜೋಡಿಸುವುದು. ಹಿರಿಯರೊಬ್ಬರು ಕಳಿಸಿದ ಕವಿತೆಯ ಗುಚ್ಛವಾದರೆ ಅವರಿಗೆ ಬೇಕಿರುವುದು ಓದಿ ಅಭಿಪ್ರಾಯ ಹೇಳುವುದಷ್ಟೇ ಇರಬಹುದು, ಅದನ್ನು ಪಟ್ಟಿಗೆ ಸೇರಿಸಲು ಮರೆಯಬೇಡಿ.

ಉತ್ತರ ಬಾರದಿದ್ದರೆ, ಬಂದ ಮೇಲೆ

ಒಂದು ದಿನ ಕಾದು ಒಂದು ಸಲ ನೆನಪಿಸಿ. ಆಗ ತಲೆಯ ಪ್ಯಾರಾ ಮಾತ್ರ, ನಾಲ್ಕೈದು ಸಾಲು, ತಿರುಗಿಸಿ ಕಳಿಸಬಹುದು. ಕೆಲಸ ಹೇಗಿರುತ್ತದೆ ಎಂದು ನೋಡಿದ ಮೇಲೆ ಬೇಕೋ ಬೇಡವೋ ಎಂದು ಹೇಳುವುದು ಜನರಿಗೆ ಸುಲಭ. ಆದರೆ ಮಾದರಿಗೆ ಷೆಡ್ಯೂಲನ್ನು ಆರಿಸಬೇಡಿ. ತಾಳೆ ನೋಡದ ಅಂಕಿಗಳು ಹಾಗೇ ಮುಂದಕ್ಕೆ ಫಾರ್ವರ್ಡ್ ಆಗಿಬಿಡುತ್ತವೆ.

'2' ಎಂದು ಉತ್ತರ ಬಂದಿತು ಎಂದುಕೊಳ್ಳಿ, ಜೊತೆಗೆ ಷೆಡ್ಯೂಲಿನ ಫೋಟೋ. ಫೋಟೋದಲ್ಲಿ ಹಿಸ್ಸೆಯ ಅಕ್ಷರ ನೋಡಿ ಖಚಿತ ಮಾಡಿಕೊಳ್ಳಿ. ಆಮೇಲೆ ವಿಸ್ತೀರ್ಣ. ಪತ್ರದಲ್ಲಿ 2-18 ಎಂದಿದ್ದರೆ ಅದು 2 ಎಕರೆ 18 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ದಶಮಾಂಶದಲ್ಲಿ ಅದು 2.45 ಎಕರೆ. ಅವಸರದಲ್ಲಿ 2.18 ಎಕರೆ ಎಂದು ಬರೆದರೆ ಹತ್ತಿರ ಹತ್ತಿರ 11 ಗುಂಟೆ ಜಮೀನು ಕಾಗದದ ಮೇಲೆ ಮಾಯವಾಗುತ್ತದೆ. ಇಂಗ್ಲಿಷಿಗೆ ಹೋದಾಗ ಈ ತಪ್ಪು ಇನ್ನೂ ಸುಲಭ, ಅಲ್ಲಿ ಓದುವವರಿಗೆ ಗುಂಟೆಯೇ ಗೊತ್ತಿರುವುದಿಲ್ಲ. ಆದ್ದರಿಂದ ಅಂಕಿಯ ಜೊತೆಗೆ ಎಕರೆ, ಗುಂಟೆ ಎಂಬ ಪದಗಳನ್ನೂ ಬಿಡಿಸಿ ಬರೆಯಿರಿ. ಚಕ್ಕುಬಂದಿಯ ನಾಲ್ಕು ದಿಕ್ಕುಗಳನ್ನು ಮೂಲದಲ್ಲಿರುವ ಕ್ರಮದಲ್ಲೇ ಇಡಿ. ಮೂಲದಲ್ಲೇ ಒಂದು ದಿಕ್ಕು ಎರಡು ಸಲ ಬಂದಿದ್ದರೆ ನೀವಾಗಿ ತಿದ್ದಬೇಡಿ, 'ಪತ್ರದಲ್ಲಿ ಪೂರ್ವ ಎರಡು ಸಲ ಇದೆ, ಉತ್ತರ ಇಲ್ಲ, ಮೂಲದವರನ್ನು ಕೇಳಿ' ಎಂದು ಸಾರಾಂಶದ ಕೆಳಗೆ ಬರೆಯಿರಿ. ಪತ್ರ ಇನ್ನೂ ಕರಡಾಗಿದ್ದರೆ, ಸಹಿ ಬೀಳುವ ಮೊದಲು ಅದನ್ನು ಸರಿಪಡಿಸಲು ಅವರಿಗೆ ಸಮಯವಿರುತ್ತದೆ.